‘ಲೋಕಲ್’ ಎಂದರೆ ಯಾರು? ಲಾಡ್ಜ್ ಕೌಂಟರಿನ ಒಂದು ಸೂಚನಾಫಲಕದ ಸುತ್ತ

ಬಸ್ ಸ್ಟ್ಯಾಂಡ್ ಪಕ್ಕದ ಯಾವುದೇ ಲಾಡ್ಜಿಗೆ ಹೋದರೂ ಕೌಂಟರಿನ ಹಿಂದಿನ ಗೋಡೆಯಲ್ಲಿ ಒಂದು ಬೋರ್ಡು ಕಾಣುತ್ತದೆ. ದೇವರ ಫೋಟೊ, ಕ್ಯಾಲೆಂಡರ್, ಕೀಗಳ ಹಲಗೆ, ಅವುಗಳ ನಡುವೆ ಲ್ಯಾಮಿನೇಷನ್ ಮಾಡಿಸಿದ ಹಾಳೆ: ‘ಸೂಕ್ತ ಗುರುತಿನ ದಾಖಲೆ ಕಡ್ಡಾಯ. ಲೋಕಲ್ ಐಡಿ ಸ್ವೀಕರಿಸುವುದಿಲ್ಲ. ವಿದೇಶಿಯರು ಪಾಸ್‌ಪೋರ್ಟ್/ವೀಸಾ ತೋರಿಸತಕ್ಕದ್ದು. ಸಹಕರಿಸಬೇಕಾಗಿ ವಿನಂತಿ.’

ಓದಲು ಹತ್ತು ಸೆಕೆಂಡೂ ಬೇಡ. ಆದರೆ ಪ್ರತಿ ವಾಕ್ಯದಲ್ಲೂ ಒಂದೊಂದು ಜಗಳ ಅಡಗಿ ಕೂತಿದೆ. ‘ಸೂಕ್ತ’ ಎಂದರೆ ಯಾವುದು? ಪ್ಯಾನ್ ಕಾರ್ಡ್ ಸೂಕ್ತವೋ ಅಲ್ಲವೋ? ಪಾಸ್‌ಪೋರ್ಟ್ ಮತ್ತು ವೀಸಾ ನಡುವೆ ಇರುವ ಆ ಓರೆ ಗೆರೆಯ ಅರ್ಥ ‘ಎರಡೂ’ ಎಂದೋ ‘ಎರಡರಲ್ಲಿ ಒಂದು’ ಎಂದೋ? ಇನ್ನು ‘ಲೋಕಲ್’ ಎಂಬ ಪದವಂತೂ ಎರಡು ತಲೆಯ ಹಾವು. ಲಾಡ್ಜಿನವರ ಮಾತಿನಲ್ಲಿ ಅದಕ್ಕೆ ಅದೇ ಊರಿನ ವಿಳಾಸ ಉಳ್ಳವರು ಎಂಬ ಅರ್ಥವೂ ಇದೆ, ವಿದೇಶಿಯರಲ್ಲದವರು ಎಂಬ ಅರ್ಥವೂ ಇದೆ. ಮೈಸೂರಿನ ಲಾಡ್ಜಿನಲ್ಲಿ ‘ಲೋಕಲ್ ಗೆಸ್ಟ್’ ಎಂದರೆ ಕುವೆಂಪುನಗರದವರೋ, ಕೋಲ್ಕತ್ತದವರೋ? ಅದು ಹೇಳುವವರ ಮೇಲೆ, ಹೇಳಿದ ಹೊತ್ತಿನ ಮೇಲೆ ನಿಂತಿದೆ.

ಹೀಗಾಗಿ ಇಂಥ ಬೋರ್ಡನ್ನು ತಿದ್ದಿ ಬರೆಯಲು ಕೂತವರು ಮೊದಲು ಬಿಡಿಸಿಕೊಳ್ಳಬೇಕಾದದ್ದು ಭಾಷೆಯ ಗಂಟಲ್ಲ, ವಿಂಗಡಣೆಯ ಗಂಟು. ಅತಿಥಿಗಳನ್ನು ಯಾವ ಗೆರೆ ಎಳೆದು ಎರಡು ಭಾಗ ಮಾಡುತ್ತೇವೆ? ಬಂದ ಊರಿನಿಂದಲೇ, ಕೈಯಲ್ಲಿರುವ ಕಾರ್ಡಿನಿಂದಲೇ, ಮುಖಚರ್ಯೆಯಿಂದಲೇ? ಕಾನೂನು ಎಳೆದಿರುವುದು ಒಂದೇ ಗೆರೆ. ಅತಿಥಿ ಭಾರತದ ಪ್ರಜೆಯೋ ಅಲ್ಲವೋ ಎಂಬುದು.

ಆ ಗೆರೆಯ ಮಹತ್ವ ತಿಳಿಯಲು ಕೌಂಟರಿನ ಹಿಂದೆ ನಡೆಯುವ ಕೆಲಸ ನೋಡಬೇಕು. ಭಾರತದ ಪ್ರಜೆ ಬಂದರೆ ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಫೋನ್ ನಂಬರ್, ಬಂದ ಸಮಯ ಬರೆದು, ಗುರುತಿನ ಚೀಟಿ ನೋಡಿ, ಕೀ ಕೊಟ್ಟರೆ ಮುಗಿಯಿತು. ಸ್ಥಳೀಯ ಪೊಲೀಸರು ಕೇಳಿದಾಗ ಆ ರಿಜಿಸ್ಟರ್ ತೋರಿಸಬೇಕು. ಬೇರೆ ದೇಶದ ಪ್ರಜೆ ಬಂದರೆ ಕೆಲಸ ಅಲ್ಲಿಗೆ ನಿಲ್ಲುವುದಿಲ್ಲ. ಅವರು ಬಂದ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ತಲುಪಿಸಬೇಕು. ಹೋಟೆಲಿನವರು ದಶಕಗಳಿಂದ ‘ಸಿ ಫಾರ್ಮ್’ ಎಂದು ಕರೆಯುತ್ತ ಬಂದಿರುವುದು ಇದನ್ನೇ. ಹಿಂದೆ ಕಾಗದದಲ್ಲಿ ತುಂಬಿಸಿ ಠಾಣೆಗೆ ಒಯ್ಯುತ್ತಿದ್ದರು. ಈಗ indianfrro.gov.in ಎಂಬ ಸರ್ಕಾರಿ ತಾಣದಲ್ಲಿ ಲಾಡ್ಜಿನ ಹೆಸರಲ್ಲಿ ಖಾತೆ ತೆರೆದು ಅಲ್ಲೇ ತುಂಬುತ್ತಾರೆ. ಐಷಾರಾಮಿ ಹೋಟೆಲಿಗೂ ಎರಡು ಕೋಣೆಯ ಹೋಂಸ್ಟೇಗೂ ಇದು ಒಂದೇ.

ಆ ಫಾರ್ಮಿನಲ್ಲಿ ಕೇಳುವ ಪ್ರಶ್ನೆಗಳನ್ನು ಒಮ್ಮೆ ನೋಡಿದರೆ, ಬೋರ್ಡಿನಲ್ಲಿ ‘ಪಾಸ್‌ಪೋರ್ಟ್/ವೀಸಾ’ ಎಂದು ಗೆರೆ ಎಳೆದಿರುವುದು ಎಷ್ಟು ತಪ್ಪೆಂದು ಗೊತ್ತಾಗುತ್ತದೆ. ಪಾಸ್‌ಪೋರ್ಟ್ ನಂಬರ್, ಅದನ್ನು ಕೊಟ್ಟ ಊರು, ಕೊಟ್ಟ ದಿನ, ಮುಗಿಯುವ ದಿನ ಒಂದು ಗುಂಪು. ವೀಸಾ ನಂಬರ್, ಅದರ ಬಗೆ, ಅವಧಿ ಇನ್ನೊಂದು ಗುಂಪು. ಆಮೇಲೆ ಎಲ್ಲಿಂದ ಬಂದರು, ಭಾರತಕ್ಕೆ ಕಾಲಿಟ್ಟದ್ದು ಯಾವತ್ತು, ಇಲ್ಲಿ ಎಷ್ಟು ದಿನ, ಮುಂದೆ ಎಲ್ಲಿಗೆ ಎಂಬ ಪ್ರಶ್ನೆಗಳು. ಜೊತೆಗೆ ಫೋಟೊ. ಪಾಸ್‌ಪೋರ್ಟ್ ಒಂದೇ ಇದ್ದರೆ ಅರ್ಧ ಫಾರ್ಮು ಖಾಲಿ ಉಳಿಯುತ್ತದೆ. ಆದ್ದರಿಂದ ಬೋರ್ಡಿನಲ್ಲಿ ಇರಬೇಕಾದ ಪದ ‘ಮತ್ತು’. ಜೊತೆಗೆ ‘ಎರಡೂ ಬೇಕು’ ಎಂಬ ಪುಟ್ಟ ವಾಕ್ಯ.

ಇ-ವೀಸಾದವರು ಬಂದಾಗ ಹೊಸ ರಿಸೆಪ್ಷನಿಸ್ಟುಗಳು ಗಲಿಬಿಲಿಗೊಳ್ಳುವುದುಂಟು. ಪಾಸ್‌ಪೋರ್ಟಿನ ಪುಟ ಎಷ್ಟು ತಿರುವಿದರೂ ವೀಸಾದ ಸ್ಟಿಕ್ಕರ್ ಸಿಗುವುದಿಲ್ಲ. ಅತಿಥಿಯ ಕೈಯಲ್ಲಿ ಒಂದು ಪ್ರಿಂಟ್ ತೆಗೆದ ಹಾಳೆ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ವಿಮಾನ ನಿಲ್ದಾಣದಲ್ಲಿ ಒತ್ತಿದ ಮೊಹರು ಇರುತ್ತದೆ. ನೋಡಬೇಕಾದದ್ದು ಇವೆರಡನ್ನು. ಅನುಮತಿಯ ಹಾಳೆಯಿಂದ ವೀಸಾದ ವಿವರ, ಮೊಹರಿನಿಂದ ಭಾರತಕ್ಕೆ ಬಂದ ದಿನ.

ಇಲ್ಲಿಯವರೆಗೆ ಸುಲಭ. ಕಷ್ಟ ಶುರುವಾಗುವುದು ‘ವಿದೇಶಿ’ಯಂತೆ ಕಾಣದ ವಿದೇಶಿಯರು, ‘ಸ್ವದೇಶಿ’ಯಂತೆ ಕಾಣದ ಸ್ವದೇಶಿಯರು ಕೌಂಟರಿಗೆ ಬಂದಾಗ.

ಸಕಲೇಶಪುರದ ಕಾಫಿ ತೋಟದೊಳಗೆ ಒಂದು ಹೋಂಸ್ಟೇ ಇದೆ ಎಂದಿಟ್ಟುಕೊಳ್ಳೋಣ. ಶನಿವಾರ ಸಂಜೆ ಹಾಸನದಿಂದ ಒಂದು ಕಾರು ಬರುತ್ತದೆ. ಇಳಿದವರು ಐದು ಜನ. ಹಾಸನದ ಅಜ್ಜಿ, ಕ್ಯಾಲಿಫೋರ್ನಿಯಾದಿಂದ ರಜೆಗೆ ಬಂದಿರುವ ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು, ಮತ್ತು ಕಾರಿನ ಡ್ರೈವರ್. ಎಲ್ಲರೂ ಕನ್ನಡದವರೇ. ಮಗಳೂ ‘ಅಜ್ಜಿ, ನೋಡು ಮೆಣಸಿನ ಬಳ್ಳಿ’ ಎಂದು ಕನ್ನಡದಲ್ಲೇ ಕೂಗುತ್ತಾಳೆ. ಹೋಂಸ್ಟೇ ಯಜಮಾನರು ‘ನಮ್ಮವರೇ’ ಎಂದುಕೊಂಡು ಒಬ್ಬರ ಆಧಾರ್ ನೋಡಿ ಕೀ ಕೊಟ್ಟುಬಿಡುವ ಸಂದರ್ಭ ಇದು.

ಒಬ್ಬೊಬ್ಬರನ್ನೇ ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಅಜ್ಜಿ ಭಾರತದ ಪ್ರಜೆ, ವೋಟರ್ ಐಡಿ ಸಾಕು. ಮಗ ಹದಿನೈದು ವರ್ಷದಿಂದ ಅಮೆರಿಕದಲ್ಲಿದ್ದರೂ ಕೆಲಸದ ವೀಸಾದಲ್ಲಿರುವವನು, ಅವನ ಪಾಸ್‌ಪೋರ್ಟ್ ಭಾರತದ್ದೇ. ‘ಫಾರಿನ್ನಿಂದ ಬಂದವರು’ ಎಂದು ಅವನಿಗೆ ಸಿ ಫಾರ್ಮ್ ತುಂಬಿಸಿದರೆ ತಪ್ಪು. ಸೊಸೆ ಮೂರು ವರ್ಷದ ಹಿಂದೆ ಅಮೆರಿಕದ ಪೌರತ್ವ ಪಡೆದಿದ್ದಾಳೆ. ಅವಳ ಬಳಿ ಈಗ ಇರುವುದು ಅಮೆರಿಕದ ಪಾಸ್‌ಪೋರ್ಟ್ ಮತ್ತು ಒಸಿಐ ಕಾರ್ಡ್. ಒಸಿಐ ಎಂದರೆ ಜೀವನಪರ್ಯಂತ ವೀಸಾ ಇಲ್ಲದೆ ಬಂದುಹೋಗುವ ಹಕ್ಕು, ಭಾರತದ ಪೌರತ್ವವಲ್ಲ. ಕಾನೂನಿನ ಕಣ್ಣಿಗೆ ಅವಳು ವಿದೇಶಿ. ಮೊಮ್ಮಗಳು ಅಲ್ಲಿಯೇ ಹುಟ್ಟಿದವಳು, ಅವಳದ್ದೂ ಅದೇ ಕಥೆ. ಅಂದರೆ ಒಂದೇ ಕುಟುಂಬದಲ್ಲಿ ಇಬ್ಬರಿಗೆ ಸಿ ಫಾರ್ಮ್ ಬೇಕು, ಇಬ್ಬರಿಗೆ ಬೇಡ. ಎಂಟು ವರ್ಷದ ಮಗುವಿಗೂ ಬೇಕು ಎಂದಾಗ ಅಪ್ಪ ಅಮ್ಮ ಹುಬ್ಬೇರಿಸುತ್ತಾರೆ. ವಿದೇಶಿ ಪ್ರಜೆಯ ವಿಷಯದಲ್ಲಿ ವಯಸ್ಸಿನ ರಿಯಾಯಿತಿ ಇಲ್ಲ.

ಐದನೆಯವರು ಡ್ರೈವರ್. ಹಿಂದಿನ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಮಲಗುವ ಅವರ ಹೆಸರು ಎಷ್ಟೋ ಕಡೆ ರಿಜಿಸ್ಟರಿಗೆ ಏರುವುದೇ ಇಲ್ಲ. ರಾತ್ರಿ ತಂಗುವವರೆಲ್ಲ ಅತಿಥಿಗಳೇ. ಅವರ ಡ್ರೈವಿಂಗ್ ಲೈಸೆನ್ಸ್ ಅಂತೂ ಜೇಬಿನಲ್ಲೇ ಇರುತ್ತದೆ.

ಈಗ ನಿಜವಾದ ತೊಡಕು. ಸೊಸೆಯ ಮತ್ತು ಮಗುವಿನ ಪಾಸ್‌ಪೋರ್ಟುಗಳು ಹಾಸನದ ಮನೆಯ ಬೀರುವಿನಲ್ಲಿವೆ. ‘ಎರಡು ದಿನಕ್ಕೆ ಯಾಕೆ ಹೊತ್ತು ತರುವುದು, ಕಳೆದುಹೋದರೆ?’ ಎಂದು ಅಜ್ಜಿಯೇ ಇಡಿಸಿದ್ದು. ಸೊಸೆ ಕ್ಯಾಲಿಫೋರ್ನಿಯಾದ ಡ್ರೈವಿಂಗ್ ಲೈಸೆನ್ಸ್ ತೋರಿಸುತ್ತಾಳೆ. ಅದರಲ್ಲಿ ಪೌರತ್ವದ ಸುಳಿವೂ ಇಲ್ಲ, ಭಾರತಕ್ಕೆ ಬಂದ ದಿನವೂ ಇಲ್ಲ. ಫೋನಿನಲ್ಲಿ ಪಾಸ್‌ಪೋರ್ಟಿನ ಫೋಟೊ ಇದ್ದರೆ ವಿವರ ಸಿಗುತ್ತದೆ, ಅಸಲು ನೋಡಿದಂತೆ ಆಗುವುದಿಲ್ಲ. ಕತ್ತಲಾದ ಮೇಲೆ ಘಾಟಿಯ ಬಾಗಿಲಲ್ಲಿ ನಿಂತು ಇದನ್ನು ಚರ್ಚಿಸುವ ಸ್ಥಿತಿ ಇಬ್ಬರಿಗೂ ಬೇಡ. ಹಾಗಾಗಿ ಇಂಥ ಸೂಚನೆ ಗೋಡೆಯ ಮೇಲೆ ಇದ್ದರಷ್ಟೇ ಸಾಲದು. ರೂಮು ಬುಕ್ ಆದ ಕೂಡಲೇ ಅದೇ ಪದಗಳಲ್ಲಿ ವಾಟ್ಸ್ಆ್ಯಪಿಗೂ ಹೋಗಬೇಕು. ಗೋಡೆಯ ಬೋರ್ಡು ಓದುವ ಹೊತ್ತಿಗೆ ಪಾಸ್‌ಪೋರ್ಟ್ ನಲವತ್ತು ಕಿಲೋಮೀಟರ್ ಹಿಂದೆ ಉಳಿದಿರುತ್ತದೆ.

ಈ ಕುಟುಂಬ ಕಲಿಸುವ ಇನ್ನೊಂದು ಪಾಠವಿದೆ. ಪಾಸ್‌ಪೋರ್ಟ್ ತೋರಿಸಿದವರೆಲ್ಲ ವಿದೇಶಿಯರಲ್ಲ, ಆಧಾರ್ ತೋರಿಸಿದವರೆಲ್ಲ ಭಾರತೀಯರೂ ಅಲ್ಲ. ಆಧಾರ್ ಎಂಬುದು ಪೌರತ್ವದ ದಾಖಲೆಯಲ್ಲ, ವಾಸದ ದಾಖಲೆ. ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದ ವಿದೇಶಿ ಪ್ರಜೆಯೂ ಅದನ್ನು ಪಡೆಯಬಹುದು. ಬೆಂಗಳೂರಿನ ಕಂಪನಿಯಲ್ಲಿ ಕೆಲಸ ಮಾಡುವ ಜರ್ಮನಿಯವರು ವಾರಾಂತ್ಯಕ್ಕೆ ಚಿಕ್ಕಮಗಳೂರಿಗೆ ಹೋಗಿ ಆಧಾರ್ ಚಾಚಿದರೆ, ಅಷ್ಟಕ್ಕೇ ಅವರನ್ನು ‘ಲೋಕಲ್’ ಪಟ್ಟಿಗೆ ಸೇರಿಸಲಾಗದು. ಇತ್ತ ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ಕನ್ನಡಿಗರ ಕೈಯಲ್ಲಿ ಅದನ್ನು ಕಂಡು ‘ಫಾರಿನರ್’ ಎನ್ನಲಾಗದು. ನೋಡಬೇಕಾದದ್ದು ಪಾಸ್‌ಪೋರ್ಟಿನ ಫೋಟೊ ಪುಟದಲ್ಲಿರುವ ರಾಷ್ಟ್ರೀಯತೆಯ ಸಾಲು. ಅದು ಮಸುಕಾಗಿದ್ದರೆ ಪುಟದ ತಳದಲ್ಲಿ ಯಂತ್ರಕ್ಕೆಂದೇ ಅಚ್ಚಾದ ಎರಡು ಸಾಲುಗಳಿರುತ್ತವೆ. ಅವುಗಳಲ್ಲಿ IND, USA‌ನಂಥ ಮೂರಕ್ಷರದ ಸಂಕೇತಗಳಿಂದಲೋ ಜರ್ಮನಿಯ ಪಾಸ್‌ಪೋರ್ಟಾದರೆ D ಎಂಬ ಒಂದೇ ಅಕ್ಷರದಿಂದಲೋ ದೇಶ ತಿಳಿಯುತ್ತದೆ. ಹೆಸರನ್ನೂ ಅಲ್ಲಿರುವಂತೆಯೇ ಬರೆದುಕೊಂಡರೆ ಕಾಗುಣಿತದ ಗೊಂದಲ ಇರುವುದಿಲ್ಲ.

ಮುಖ ನೋಡಿ ನಿರ್ಧರಿಸುವುದು ಇದೆಲ್ಲಕ್ಕಿಂತ ಕೆಟ್ಟದ್ದು. ಮಣಿಪುರ, ಮಿಜೋರಾಂ, ಅರುಣಾಚಲದವರನ್ನು ‘ಪಾಸ್‌ಪೋರ್ಟ್ ಕೊಡಿ’ ಎಂದು ಕೇಳಿ ಅವಮಾನಿಸುವ ಪ್ರಸಂಗಗಳು ನಡೆಯುತ್ತಲೇ ಇವೆ. ಅವರು ಭಾರತದ ಪ್ರಜೆಗಳು, ವೋಟರ್ ಐಡಿಯೋ ಆಧಾರೋ ಸಾಕು. ಕರ್ನಾಟಕದಲ್ಲಿ ಬೈಲುಕುಪ್ಪೆ, ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆ ಟಿಬೆಟನ್ ವಸತಿಗಳಿವೆ. ಅಲ್ಲಿಯವರು ಸೊಗಸಾದ ಕನ್ನಡ ಮಾತಾಡಿದರೂ ಹಲವರ ಬಳಿ ಇರುವುದು ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ. ಆದರೆ 1950ರ ಜನವರಿ 26ರಿಂದ 1987ರ ಜೂನ್ ಕೊನೆಯವರೆಗೆ ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಭಾರತದ ಪ್ರಜೆಗಳು. ಅಣ್ಣ ಪ್ರಜೆ, ತಮ್ಮ ಅಲ್ಲ ಎಂಬಂತಹ ಮನೆಗಳೂ ಇರಬಹುದು. ಆದ್ದರಿಂದ ಪ್ರಶ್ನೆಯನ್ನು ಎಲ್ಲರಿಗೂ ಒಂದೇ ದನಿಯಲ್ಲಿ ಕೇಳುವುದು ಸರಿ: ‘ತಾವು ಭಾರತದ ಪ್ರಜೆಯೋ, ಬೇರೆ ದೇಶದವರೋ?’ ಬೋರ್ಡಿನ ಮೇಲೆಯೇ ಈ ಪ್ರಶ್ನೆ ಇದ್ದರೆ, ಕೇಳಿದ ಹುಡುಗನ ಮೇಲೆ ಯಾರೂ ಸಿಟ್ಟಾಗುವುದಿಲ್ಲ.

ಭಾರತೀಯ ಅತಿಥಿಗಳ ಕಡೆಯ ದೊಡ್ಡ ತಕರಾರು ಬೇರೆಯದು. ಅದು ಆಧಾರ್ ಜೆರಾಕ್ಸಿನದು. ಎಷ್ಟೋ ಕೌಂಟರುಗಳಲ್ಲಿ ಆಧಾರ್ ಬಿಟ್ಟು ಬೇರೆ ಏನನ್ನೂ ಒಪ್ಪುವುದಿಲ್ಲ. ಪಡೆದ ಜೆರಾಕ್ಸುಗಳು ಡ್ರಾಯರಿನಲ್ಲಿ ಗುಡ್ಡೆಯಾಗಿ ಬಿದ್ದಿರುತ್ತವೆ, ಕೆಲವೊಮ್ಮೆ ಹಿಂಬದಿಯಲ್ಲಿ ಇಡ್ಲಿ ವಡೆಯ ಲೆಕ್ಕವೂ ಇರುತ್ತದೆ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ, ಖಾಸಗಿ ಸಂಸ್ಥೆಗಳು ಆಧಾರ್ ಕೇಳಲು ಆಸರೆಯಾಗಿದ್ದ ಆಧಾರ್ ಕಾಯ್ದೆಯ 57ನೇ ಕಲಮಿನ ಭಾಗವನ್ನು ತೆಗೆದುಹಾಕಿತು. ಮರುವರ್ಷದ ತಿದ್ದುಪಡಿಯ ನಂತರ, ಅತಿಥಿ ಮನಸಾರೆ ತೋರಿಸಿದರೆ ಹೋಟೆಲಿನವರು ನೋಡಬಹುದು. ಆಧಾರೇ ಆಗಬೇಕೆಂದು ಪಟ್ಟು ಹಿಡಿಯಬಾರದು.

ಈ ವಿಷಯದಲ್ಲಿ ಬೆಂಗಳೂರಿಗೆ ಒಂದು ಸ್ವಾರಸ್ಯದ ನಂಟಿದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಆಧಾರಿನ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ಅನುಮತಿ ಇಲ್ಲದ ಹೋಟೆಲು, ಸಿನಿಮಾ ಮಂದಿರಗಳು ಅದರ ಪ್ರತಿ ಇಟ್ಟುಕೊಳ್ಳುವಂತಿಲ್ಲ, ಬದಲಿಗೆ ಮಾಸ್ಕ್ಡ್ ಆಧಾರ್ ಬಳಸಿ ಎಂಬುದು ಅದರ ಸಾರ. ದೇಶದೆಲ್ಲೆಡೆ ಗದ್ದಲವಾಯಿತು. ‘ಇಷ್ಟು ವರ್ಷ ಕೊಟ್ಟ ಜೆರಾಕ್ಸುಗಳ ಗತಿ ಏನು?’ ಎಂದು ಜನ ಕೇಳತೊಡಗಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ, ಪ್ರಕಟಣೆಯನ್ನು ಜನ ತಪ್ಪಾಗಿ ಅರ್ಥ ಮಾಡಿಕೊಳ್ಳುವ ಸಾಧ್ಯತೆ ಇದೆಯೆಂದು ಅದನ್ನು ಹಿಂದಕ್ಕೆ ಪಡೆಯಿತು. ಪ್ರಕಟಣೆ ಹೋದರೂ ಮಾಸ್ಕ್ಡ್ ಆಧಾರ್ ಉಳಿಯಿತು. ಅದರಲ್ಲಿ ಹನ್ನೆರಡು ಅಂಕಿಗಳ ಪೈಕಿ ಮೊದಲ ಎಂಟು ಮುಚ್ಚಿರುತ್ತವೆ, ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಹೆಸರು, ಫೋಟೊ, ವಿಳಾಸ ಇದ್ದೇ ಇರುತ್ತವೆ. ಕೌಂಟರಿನ ಕೆಲಸಕ್ಕೆ ಬೇಕಾದದ್ದೂ ಅಷ್ಟೇ.

ಕಾರ್ಡ್ ಅಸಲಿಯೋ ನಕಲಿಯೋ ಎಂದು ಜೆರಾಕ್ಸಿನಿಂದ ಗೊತ್ತಾಗುವುದೂ ಇಲ್ಲ. ಆಧಾರಿನ ಮೇಲಿನ ಕ್ಯೂಆರ್ ಕೋಡಿನಲ್ಲಿ ಹೆಸರು, ಫೋಟೊ ಮುಂತಾದವು ಪ್ರಾಧಿಕಾರದ ಡಿಜಿಟಲ್ ಸಹಿಯೊಂದಿಗೆ ಅಡಗಿರುತ್ತವೆ. ಪ್ರಾಧಿಕಾರದ ಆ್ಯಪಿನಿಂದ ಸ್ಕ್ಯಾನ್ ಮಾಡಿದಾಗ ಪರದೆಯಲ್ಲಿ ಬಂದ ಮುಖ ಕಾರ್ಡಿನ ಮುಖಕ್ಕೂ ಎದುರು ನಿಂತ ಮುಖಕ್ಕೂ ಹೊಂದಿದರೆ ಸರಿ. ಜೆರಾಕ್ಸ್ ಕೊಡಲೇಬೇಕಾಗಿ ಬಂದ ಅತಿಥಿಗಳು ಅದರ ಮೇಲೆ ಅಡ್ಡಲಾಗಿ ಲಾಡ್ಜಿನ ಹೆಸರು, ತಾರೀಕು ಬರೆದು ಸಹಿ ಹಾಕುವುದು ಒಳ್ಳೆಯ ರೂಢಿ. ಆ ಹಾಳೆ ಆಮೇಲೆ ಸಿಮ್ ಅಂಗಡಿಯಲ್ಲಿ ಕೆಲಸಕ್ಕೆ ಬಾರದು.

ಇನ್ನು ‘ಲೋಕಲ್ ಐಡಿ ಇಲ್ಲ’ ಎಂಬ ಸಾಲು. ಅದೇ ಊರಿನ ವಿಳಾಸ ಇರುವವರಿಗೆ ರೂಮು ಕೊಡಬಾರದೆಂದು ಕಾನೂನು ಹೇಳುವುದಿಲ್ಲ. ಅದು ಲಾಡ್ಜಿನವರೇ ಮಾಡಿಕೊಂಡ ಪದ್ಧತಿ, ಹೆಚ್ಚಾಗಿ ಮದುವೆಯಾಗದ ಜೋಡಿಗಳನ್ನು ದೂರವಿಡಲು. ಮನೆಗೆ ಬಣ್ಣ ಹೊಡೆಸುವಾಗ ಎರಡು ರಾತ್ರಿ ತಂಗಲು ಬಂದವರೂ, ಆಸ್ಪತ್ರೆಯಲ್ಲಿ ಅಮ್ಮನಿದ್ದಾಳೆಂದು ಹತ್ತಿರದಲ್ಲೇ ರೂಮು ಕೇಳಿದವರೂ ಇದಕ್ಕೆ ಸಿಕ್ಕಿಬೀಳುತ್ತಾರೆ. ಆ ಪದ್ಧತಿ ಬೇಕೇಬೇಕು ಎನ್ನುವ ಲಾಡ್ಜಿನವರು ಅದನ್ನು ‘ಐಡಿ’ಯ ಹಿಂದೆ ಅಡಗಿಸದೆ, ‘ಈ ನಗರದ ನಿವಾಸಿಗಳಿಗೆ ನಮ್ಮಲ್ಲಿ ಕೊಠಡಿ ಕೊಡುವುದಿಲ್ಲ’ ಎಂದು ಬುಕಿಂಗ್ ಸಮಯದಲ್ಲೇ ನೇರವಾಗಿ ತಿಳಿಸುವುದು ನ್ಯಾಯ. ಹಣ ಕಟ್ಟಿ ಬಂದವರಿಗೆ ಕೌಂಟರಿನಲ್ಲಿ ಹೇಳುವ ಮಾತಲ್ಲ ಅದು.

ಇದನ್ನೆಲ್ಲ ಒಂದು ಹಾಳೆಗೆ ಇಳಿಸಿದರೆ ಹೇಗಿರಬಹುದು? ಒಂದು ಮಾದರಿ:

ಅತಿಥಿಗಳಿಗೆ ನಮಸ್ಕಾರ.
ಕೀ ಕೊಡುವ ಮೊದಲು, ರಾತ್ರಿ ತಂಗುವ ಪ್ರತಿಯೊಬ್ಬರ ಗುರುತಿನ ದಾಖಲೆ ನೋಡುತ್ತೇವೆ. ದಯವಿಟ್ಟು ಅಸಲು ತೋರಿಸಿ.

ನೀವು ಭಾರತದ ಪ್ರಜೆಯೇ?
18 ವರ್ಷ ತುಂಬಿದ ಪ್ರತಿಯೊಬ್ಬರೂ ಇವುಗಳಲ್ಲಿ ಯಾವುದಾದರೂ ಒಂದನ್ನು ತೋರಿಸಿ: ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಆಧಾರ್. ಮಾಸ್ಕ್ಡ್ ಆಧಾರ್ ಆಗುತ್ತದೆ. ಡಿಜಿಲಾಕರಿನಲ್ಲಿ ತೆರೆದು ತೋರಿಸಿದರೂ ಆಗುತ್ತದೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇಲ್ಲದ ಕಾರಣ ಅದೊಂದೇ ಸಾಲದು.

ನೀವು ಬೇರೆ ದೇಶದ ಪ್ರಜೆಯೇ?
ಮಕ್ಕಳೂ ಸೇರಿ ಪ್ರತಿಯೊಬ್ಬರ ಪಾಸ್‌ಪೋರ್ಟ್ ಬೇಕು. ಅದರ ಜೊತೆಗೆ ವೀಸಾ ಅಥವಾ ಒಸಿಐ ಕಾರ್ಡ್ ಕೂಡ ಬೇಕು. ನಿಮ್ಮ ವಿವರವನ್ನು 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸುವುದು ಕಾನೂನಿನ ಪ್ರಕಾರ ನಮ್ಮ ಹೊಣೆ. ಭಾರತಕ್ಕೆ ಬರಲು ವೀಸಾ ಬೇಕಿಲ್ಲದ ನೇಪಾಳ, ಭೂತಾನ್ ಪ್ರಜೆಗಳು ದಯವಿಟ್ಟು ಕೌಂಟರಿನಲ್ಲಿ ತಿಳಿಸಿ.

ಸ್ಕ್ಯಾನ್ ಮಾಡಿದ ಕೂಡಲೇ ದಾಖಲೆಯನ್ನು ನಿಮ್ಮ ಕೈಗೇ ಮರಳಿ ಕೊಡುತ್ತೇವೆ. ದಾಖಲೆ ಮರೆತು ಬಂದಿದ್ದರೆ ಮ್ಯಾನೇಜರ್ ಜೊತೆ ಮಾತಾಡಿ.

ಇದರಲ್ಲಿ ‘ತಕ್ಕದ್ದು’ ಇಲ್ಲ, ‘ಉಲ್ಲಂಘಿಸಿದಲ್ಲಿ’ ಇಲ್ಲ, ‘ಸಹಕರಿಸಬೇಕಾಗಿ ವಿನಂತಿ’ಯೂ ಇಲ್ಲ. ಮೊದಲೆರಡು ಕಚೇರಿಯ ಗದರಿಕೆ. ಮೂರನೆಯದು ಕೈಮುಗಿದಂತೆ ಕಂಡರೂ ಏನು ಮಾಡಬೇಕೆಂದು ಹೇಳುವುದಿಲ್ಲ. ‘ಮೂಲ ಪ್ರತಿ’ ಎಂಬ ಮಾತನ್ನೂ ಬಿಟ್ಟಿದ್ದಾಯಿತು, ಏಕೆಂದರೆ ‘ಪ್ರತಿ’ ಎಂದು ಓದಿದ ಅರ್ಧ ಜನ ಜೆರಾಕ್ಸ್ ತೆಗೆಸಲು ಓಡುತ್ತಾರೆ. ‘ಅಸಲು’ ಎಂದರೆ ಹಳ್ಳಿಯ ಅಜ್ಜನಿಗೂ ತಿಳಿಯುತ್ತದೆ. ‘ವಿದೇಶಿಯರು’ ಎಂಬಲ್ಲಿ ‘ಬೇರೆ ದೇಶದ ಪ್ರಜೆ’ ಬಂದಿರುವುದು ಕ್ಯಾಲಿಫೋರ್ನಿಯಾದ ಸೊಸೆಗಾಗಿ. ‘ನಾನೇನು ವಿದೇಶಿಯಾ?’ ಎಂದು ನೊಂದುಕೊಳ್ಳುವವಳು, ‘ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು?’ ಎಂದರೆ ನಗುತ್ತಾ ಉತ್ತರಿಸುತ್ತಾಳೆ.

ಪಾಸ್‌ಪೋರ್ಟ್ ಮರಳಿಸುವ ಸಾಲು ಶಿಷ್ಟಾಚಾರಕ್ಕೆ ಸೇರಿಸಿದ್ದಲ್ಲ. ಬಿಲ್ ಕಟ್ಟುವವರೆಗೆ ಪಾಸ್‌ಪೋರ್ಟನ್ನು ಒತ್ತೆಯಂತೆ ಇಟ್ಟುಕೊಳ್ಳುವ ಅಭ್ಯಾಸ ಕೆಲವೆಡೆ ಇದೆ. ಭಾರತದ ಪಾಸ್‌ಪೋರ್ಟ್ 1967ರ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಸ್ವತ್ತು, ಅದನ್ನು ಹೊತ್ತವರದ್ದೂ ಅಲ್ಲ. ಲಾಡ್ಜಿನ ಡ್ರಾಯರಿನಲ್ಲಿ ಇರಲು ಅದಕ್ಕೆ ಯಾವ ಕಾರಣವೂ ಇಲ್ಲ.

ಒಂದು ಕೆಲಸ ಬಾಕಿ: ಹಾಳೆಯ ಮೂಲೆಯಲ್ಲಿ ಅದನ್ನು ಬರೆದ ತಾರೀಕು ಹಾಕುವುದು. ಇಂದಿಗೂ ಹಲವು ಕೌಂಟರುಗಳ ಹಿಂದೆ ‘ವಿದೇಶಿಯರ ಕಾಯ್ದೆ 1946ರ ಪ್ರಕಾರ’ ಎಂದು ಶುರುವಾಗುವ ಬೋರ್ಡುಗಳು ತೂಗುತ್ತಿವೆ. ಆ ಕಾಯ್ದೆ ಈಗ ಇಲ್ಲ. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದು, 1946ರದ್ದೂ ಸೇರಿ ನಾಲ್ಕು ಹಳೆಯ ಕಾಯ್ದೆಗಳ ಜಾಗ ತುಂಬಿದೆ. 24 ಗಂಟೆಯ ಹೊಣೆ ಹಾಗೆಯೇ ಮುಂದುವರಿದಿದೆ. ತಾರೀಕು ಇದ್ದರೆ, ಮುಂದಿನ ಬಾರಿ ನಿಯಮ ಬದಲಾದಾಗ ಯಾವ ಹಾಳೆಯನ್ನು ಇಳಿಸಬೇಕೆಂದು ಕೌಂಟರಿನ ಹುಡುಗನಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.